ಡೆತ್ ಕ್ಲೇಮ್‌ಗೆ ಎಷ್ಟು ದಿನ? ಬ್ಯಾಂಕಿನ ಸೇವೆಯ ಕೊರತೆ ಅಳೆಯುವುದು ಹೀಗೆ

ಈಗಿನ ಸೇವೆಗೂ ಇರಬೇಕಾದ ಸೇವೆಗೂ ನಡುವಿನ ಅಂತರ ಅಳೆಯುವುದೇ ಗ್ಯಾಪ್ ಅನಾಲಿಸಿಸ್. ಬ್ಯಾಂಕುಗಳಲ್ಲಿ ಅದು ಸಾಮಾನ್ಯವಾಗಿ ಒಂದು ಎಕ್ಸೆಲ್ ಹಾಳೆ. ‘ಸಿಬ್ಬಂದಿ ಕೌಶಲ: ಈಗ 3, ಗುರಿ 5’ ಎಂದು ಮೀಟಿಂಗ್‌ನಲ್ಲಿ ಕೂತವರು ಅಂದಾಜಿನಲ್ಲಿ ತುಂಬುತ್ತಾರೆ. ಕೊನೆಗೆ ‘ತರಬೇತಿ ಕೊಡಬೇಕು’ ಎಂದು ಬರೆದು ಮುಗಿಸುತ್ತಾರೆ. ಈಗ ನಾವು ಎಲ್ಲಿದ್ದೇವೆ, ಎಲ್ಲಿರಬೇಕು ಎಂಬುದು ಆ ಹಾಳೆಯಿಂದ ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಹಳೇ ಫೈಲು ಬಿಚ್ಚಬೇಕು.

ಇಡೀ ಗ್ರಾಹಕ ಸೇವೆಯನ್ನು ಒಟ್ಟಿಗೆ ಅಳೆಯಲು ಹೋಗಬೇಡಿ. ಒಂದೇ ಸೇವೆ ಆರಿಸಿಕೊಳ್ಳಿ. ಇಲ್ಲಿ ಡೆತ್ ಕ್ಲೇಮ್ ತೆಗೆದುಕೊಳ್ಳೋಣ: ಖಾತೆದಾರ ತೀರಿಕೊಂಡಿದ್ದಾರೆ, ನಾಮಿನಿ ಹೆಸರು ದಾಖಲಾಗಿದೆ, ನಾಮಿನಿ ಹಣ ಕೇಳಿ ಬಂದಿದ್ದಾರೆ. ನಾಮಿನಿ ಇಲ್ಲದ ಖಾತೆಗಳನ್ನು ಇದರ ಜೊತೆ ಬೆರೆಸಬೇಡಿ. ಅಲ್ಲಿ ಬೇಕಾಗುವ ಕಾಗದಗಳೇ ಬೇರೆ, ಆಗುವ ತಡಕ್ಕೆ ಕಾರಣಗಳೂ ಬೇರೆ.

ಗುರಿಯನ್ನು ಮೊದಲು ಬರೆಯಿರಿ

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಬೇಕಾದ ದಾಖಲೆಗಳೆಲ್ಲ ಕೈಸೇರಿದ 15 ದಿನದೊಳಗೆ ಕ್ಲೇಮ್ ಇತ್ಯರ್ಥವಾಗಬೇಕು. ಇದನ್ನೇ ಗುರಿ ಎಂದು ಬರೆದುಕೊಂಡು ಮುಂದೆ ಹೋಗುವವರೇ ಜಾಸ್ತಿ. ಆದರೆ ಬ್ಯಾಂಕಿನ ಲೆಕ್ಕ ಶುರುವಾಗುವುದು ಕೊನೆಯ ಕಾಗದ ಬಂದ ದಿನದಿಂದ. ಮನೆಯವರ ಲೆಕ್ಕ ಶುರುವಾಗುವುದು ಅವರು ಮೊದಲು ಕೌಂಟರ್‌ಗೆ ಬಂದ ದಿನದಿಂದ. ಹಾಗಾಗಿ ರಿಜಿಸ್ಟರ್‌ನಲ್ಲಿ ‘ಇತ್ಯರ್ಥ: 13 ದಿನ’ ಎಂದಿದ್ದರೂ ಆ ಕುಟುಂಬ ಒಂದೂವರೆ ತಿಂಗಳು ಅಲೆದಿರಬಹುದು. ಎರಡೂ ಲೆಕ್ಕ ಸರಿಯೇ.

ಆದ್ದರಿಂದ ಗುರಿಯಲ್ಲಿ ಎರಡು ಮಾತು ಇರಲಿ. ಒಂದು, ದಾಖಲೆ ಪೂರ್ತಿಯಾದ ಮೇಲೆ 15 ದಿನ ಮೀರಬಾರದು. ಇನ್ನೊಂದು, ಮೊದಲ ಭೇಟಿ ಬಿಟ್ಟರೆ ನಾಮಿನಿ ಮತ್ತೆ ಒಂದೇ ಸಲ ಶಾಖೆಗೆ ಬರುವಂತಾಗಬೇಕು. ಎರಡನೆಯದು ಬ್ಯಾಂಕು ತನಗೆ ತಾನೇ ಹಾಕಿಕೊಳ್ಳುವ ಗುರಿ. ನಿಜವಾದ ಅಂತರ ಕಾಣುವುದೂ ಅಲ್ಲಿಯೇ.

ಫೈಲುಗಳನ್ನು ಓದಿ

ಕಳೆದ ಆರು ತಿಂಗಳ ಫೈಲು ತೆಗೆಯಿರಿ. ಒಂದು ಶಾಖೆಯಲ್ಲಿ ಇಪ್ಪತ್ತು ಸಿಕ್ಕಿದರೂ ಸಾಕು. ಮುಗಿದವುಗಳ ಜೊತೆ ಇನ್ನೂ ಬಾಕಿ ಇರುವವನ್ನೂ ಸೇರಿಸಲೇಬೇಕು. ಬೇಗ ಮುಗಿದದ್ದೇ ‘ಮುಗಿದ’ ಕಂತೆಯಲ್ಲಿ ಜಾಸ್ತಿ ಇರುತ್ತದೆ. ಅದನ್ನಷ್ಟೇ ನೋಡಿದರೆ ಶಾಖೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಪ್ರತಿ ಫೈಲಿಗೂ ಐದು ದಿನಾಂಕ ಬರೆದುಕೊಳ್ಳಿ: ಮೊದಲ ಭೇಟಿ, ಕೊನೆಯ ದಾಖಲೆ ಬಂದ ದಿನ, ಶಾಖೆಯಿಂದ ಫೈಲು ಹೊರಟ ದಿನ, ಮಂಜೂರಾದ ದಿನ, ಹಣ ಜಮೆಯಾದ ದಿನ.

ಮೊದಲ ಭೇಟಿಯ ದಿನ ಯಾವ ರಿಜಿಸ್ಟರ್‌ನಲ್ಲೂ ಇರುವುದಿಲ್ಲ. ಅದಕ್ಕೆ ಜೆರಾಕ್ಸ್ ಪ್ರತಿಗಳನ್ನು ನೋಡಿ. ‘ಮೂಲದೊಂದಿಗೆ ಪರಿಶೀಲಿಸಲಾಗಿದೆ’ ಎಂಬ ಸೀಲಿನ ಕೆಳಗೆ ಸಿಬ್ಬಂದಿ ಸಹಿ ಮಾಡಿ ತಾರೀಖು ಹಾಕಿರುತ್ತಾರೆ. ಮರಣ ಪ್ರಮಾಣಪತ್ರದ ಮೇಲೆ ಒಂದು ತಾರೀಖು, ಆಧಾರ್ ಮೇಲೆ ಇನ್ನೊಂದು, ಮತ್ತೊಂದು ಕಾಗದದ ಮೇಲೆ ಮೂರನೆಯದು ಇದ್ದರೆ, ಆ ಮನುಷ್ಯ ಕಡಿಮೆ ಅಂದರೂ ಮೂರು ಸಲ ಬಂದಿದ್ದಾರೆ ಎಂದರ್ಥ. ಅನುಮಾನವಿದ್ದರೆ ನಾಮಿನಿಗೇ ಫೋನ್ ಮಾಡಿ ಕೇಳಿ. ಜನ ಇಂಥ ದಿನಗಳನ್ನು ಮರೆಯುವುದಿಲ್ಲ.

ದಿನಗಳು ಎಲ್ಲಿ ಹೋದವು?

ಲೆಕ್ಕ ಅರ್ಥವಾಗಲಿ ಎಂದು ಒಂದು ಕಾಲ್ಪನಿಕ ಫೈಲು ನೋಡೋಣ. ಮೊದಲ ಭೇಟಿಯಿಂದ ಹಣ ಜಮೆಯಾಗುವವರೆಗೆ 42 ದಿನ. ಅದರಲ್ಲಿ ದಾಖಲೆ ಪೂರ್ತಿಯಾಗಲು 29, ಶಾಖೆಯ ಮೇಜಿನ ಮೇಲೆ 2, ರೀಜನಲ್ ಆಫೀಸ್‌ನಲ್ಲಿ 9, ಮಂಜೂರಾದ ಮೇಲೆ ಜಮೆಗೆ 2. ನಿಯಮದ ಲೆಕ್ಕದಲ್ಲಿ ಇದು 13 ದಿನ, ಪಾಸ್. ಆದರೆ ಹೋದ ದಿನಗಳಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು, ಫೈಲು ರಿಜಿಸ್ಟರ್ ಸೇರುವ ಮೊದಲೇ ಹೋಗಿದೆ.

ಇಪ್ಪತ್ತು ಫೈಲುಗಳಿಗೂ ಹೀಗೇ ಬಿಡಿಸಿ. ಸರಾಸರಿ ಹಾಕಬೇಡಿ. ವ್ಯಾಜ್ಯಕ್ಕೆ ಸಿಕ್ಕಿದ ಒಂದೇ ಫೈಲು ಸರಾಸರಿಯನ್ನು ಎಳೆದುಬಿಡುತ್ತದೆ. ಕಡಿಮೆಯಿಂದ ಜಾಸ್ತಿಗೆ ಜೋಡಿಸಿ, ನಡುವಿನದನ್ನು ಹಿಡಿಯಿರಿ.

ಯಾಕೆ ಹೋದವು?

ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೇ ಕೊಡಿ. 29 ದಿನ ಯಾಕಾಯಿತು ಎಂದು ಫೈಲಿನ ಒಳಗೆ ಹುಡುಕಿದರೆ ಬೇಡದ ಕಾಗದ ಸಿಗುತ್ತದೆ. ನಾಮಿನಿ ಇದ್ದರೂ ವಂಶವೃಕ್ಷ ಕೇಳಿರುತ್ತಾರೆ. ಪಾಪ, ನಾಡಕಚೇರಿಗೆ ಅರ್ಜಿ ಹಾಕಿ ಕಾಯಬೇಕು. ಇನ್ನು ಕೆಲವು ಕಡೆ ಮಕ್ಕಳೆಲ್ಲರ ಒಪ್ಪಿಗೆ ಪತ್ರ ಕೇಳುತ್ತಾರೆ. ನಾಮಿನೇಷನ್ ಸರಿಯಾಗಿದ್ದು, ಹಣ ಕೊಡಬಾರದು ಎಂಬ ಕೋರ್ಟ್ ಆದೇಶ ಇಲ್ಲದಿದ್ದರೆ ಇವು ಬೇಕಿಲ್ಲ. ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತು-ವಿಳಾಸದ ದಾಖಲೆ ಸಾಕು. ನಾಮಿನಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ತೀರುತ್ತದೆ ಎಂದು 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 45ZA ಕಲಮು ಹೇಳುತ್ತದೆ. ವಾರಸುದಾರರು ನಾಮಿನಿಯಿಂದ ತಮ್ಮ ಪಾಲು ಕೇಳಬಹುದು, ಆದರೆ ಅದು ಅವರ ನಡುವಿನ ವಿಷಯ.

ಹಾಗಾದರೆ ಸಿಬ್ಬಂದಿಗೆ ಗೊತ್ತಿಲ್ಲ, ತರಬೇತಿ ಕೊಡೋಣ ಅಂತೀರಾ? ತಡೆಯಿರಿ. ಒಂದು ಪರೀಕ್ಷೆ ಮಾಡಿ. ಕೌಂಟರ್‌ನಲ್ಲಿ ಕೂರುವ ಐವರಿಗೆ ಬೇರೆ ಬೇರೆಯಾಗಿ ಒಂದು ಚೀಟಿ ಕೊಡಿ: ‘ಖಾತೆಯಲ್ಲಿ ಮೂರು ಲಕ್ಷ, ನಾಮಿನಿ ಮಗಳು. ನಿಯಮದಂತೆ ಯಾವ ಕಾಗದ ಬೇಕು? ನೀವು ಯಾವುದು ಕೇಳುತ್ತೀರಿ?’ ಎರಡೂ ಪ್ರಶ್ನೆಗೆ ಉತ್ತರ ಬರೆಯಲಿ.

ಮೊದಲ ಉತ್ತರವೇ ತಪ್ಪಾಗಿದ್ದರೆ ಕೊರತೆ ತಿಳಿವಳಿಕೆಯದು. ಅದಕ್ಕೆ ತರಬೇತಿ ಸರಿ. ಮೊದಲನೆಯದು ಸರಿ ಇದ್ದು, ಎರಡನೆಯದರಲ್ಲಿ ವಂಶವೃಕ್ಷ ಬಂದರೆ ಅದು ಭಯ. ‘ನಾಳೆ ಆಡಿಟ್‌ನಲ್ಲಿ ಕೇಳಿದರೆ?’ ಎಂಬ ಭಯ. ಎಷ್ಟು ತರಬೇತಿ ಕೊಟ್ಟರೂ ಅದು ಹೋಗುವುದಿಲ್ಲ. ‘ಇಂತಿಂಥ ಕಾಗದ ಕೇಳಬಾರದು’ ಎಂದು ಹೆಡ್ ಆಫೀಸ್ ಬರೆದು ಕೊಡಬೇಕು, ಅದನ್ನು ಆಡಿಟ್ ವಿಭಾಗವೂ ಒಪ್ಪಬೇಕು. ಬ್ಯಾಂಕಿನ ಹಳೇ ಸರ್ಕ್ಯುಲರ್‌ನಲ್ಲೇ ಆ ಕಾಗದ ಇದ್ದರೆ, ತಿದ್ದಬೇಕಾದ್ದು ಸರ್ಕ್ಯುಲರ್. ರೀಜನಲ್ ಆಫೀಸ್‌ನ 9 ದಿನದ ಕಥೆಯೇ ಬೇರೆ. ಅದು ಅಧಿಕಾರದ ಕೊರತೆ. ನಾಮಿನಿ ಇರುವ ಕ್ಲೇಮ್‌ಗಳಲ್ಲಿ ಶಾಖೆಯ ಮ್ಯಾನೇಜರ್ ಮಂಜೂರು ಮಾಡುವ ಮಿತಿ ಏರಿಸದೆ ಅದು ಕರಗುವುದಿಲ್ಲ.

ಇದರ ಜೊತೆಗೆ ಗುರಿಯೂ ಜಾಗ ಬದಲಿಸುತ್ತದೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಎಂದೂ ಹೇಳಬಹುದು. ನಿಮ್ಮ ಕ್ಲೇಮ್ ಫಾರಂನಲ್ಲಿ ಅದಕ್ಕೆ ಜಾಗ ಇದೆಯಾ? ಸಾಫ್ಟ್‌ವೇರ್ ಪಾಲು ಲೆಕ್ಕ ಹಾಕಿ ಬೇರೆ ಬೇರೆ ಖಾತೆಗೆ ಹಾಕುತ್ತದಾ? ಇಂದು ದೂರು ಬಂದಿಲ್ಲ ಎಂದು ಇದನ್ನು ಪಟ್ಟಿಯಿಂದ ಬಿಡಬೇಡಿ.

ಮುಚ್ಚುವುದು, ಮತ್ತೆ ಅಳೆಯುವುದು

ಪ್ರತಿ ಕೊರತೆಯ ಎದುರು ಅದು ನುಂಗಿದ ದಿನ, ಸರಿಪಡಿಸಬೇಕಾದವರ ಹುದ್ದೆ ಬರೆಯಿರಿ. ‘ಎಲ್ಲ ಸಿಬ್ಬಂದಿ’ ಎಂದು ಬರೆದರೆ ಯಾರೂ ಮಾಡುವುದಿಲ್ಲ. ಜಾಸ್ತಿ ದಿನ ನುಂಗಿದ್ದು ಮೊದಲು. ನಮ್ಮ ಉದಾಹರಣೆಯಲ್ಲಿ ಅದಕ್ಕೆ ಖರ್ಚೂ ಕಮ್ಮಿ: ಬೇಕಾದ ಕಾಗದಗಳದ್ದು ಕನ್ನಡದಲ್ಲಿ ಒಂದು ಪುಟದ ಪಟ್ಟಿ. ಮೊದಲ ದಿನವೇ ತಾರೀಖಿನ ಸೀಲು ಹಾಕಿ ನಾಮಿನಿಯ ಕೈಗೆ ಕೊಡಿ, ಒಂದು ಪ್ರತಿ ಫೈಲಿಗೆ. ಮಂಜೂರಾತಿ ಮಿತಿ ಬದಲಾಗಲು ಮೇಲಿನಿಂದ ಒಪ್ಪಿಗೆ ಬರಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಮೂರು ತಿಂಗಳ ನಂತರ ಅದೇ ಐದು ದಿನಾಂಕ ಮತ್ತೆ ಹಿಡಿಯಿರಿ. ಆಗ ಒಂದು ಮೋಸವನ್ನು ಗಮನಿಸಿ. ದಿನ ಕಡಿಮೆ ತೋರಿಸಲು ಕೆಲವರು ಕ್ಲೇಮ್ ದಾಖಲಿಸುವುದನ್ನೇ ಮುಂದೂಡುತ್ತಾರೆ, ‘ಎಲ್ಲ ತನ್ನಿ, ಆಮೇಲೆ ಬರೆಯೋಣ’ ಎನ್ನುತ್ತಾರೆ. ಕಂಡುಹಿಡಿಯುವುದು ಸುಲಭ. ಆ ಮೂರು ತಿಂಗಳಲ್ಲಿ ‘ಮೃತ’ ಎಂದು ಗುರುತು ಹಾಕಿದ ಖಾತೆಗಳ ಪಟ್ಟಿಯನ್ನು ಸಿಸ್ಟಂನಿಂದ ತೆಗೆಯಿರಿ, ಕ್ಲೇಮ್ ರಿಜಿಸ್ಟರ್ ಪಕ್ಕದಲ್ಲಿಡಿ. ಪಟ್ಟಿಯಲ್ಲಿದ್ದು ರಿಜಿಸ್ಟರ್‌ನಲ್ಲಿ ಇಲ್ಲದ ಪ್ರತಿ ಖಾತೆಯ ನಾಮಿನಿಗೂ ಫೋನ್ ಮಾಡಿ, ಶಾಖೆಗೆ ಬಂದಿದ್ದರಾ ಎಂದು ಕೇಳಿ.