ಅಪರೂಪಕ್ಕೆ ಬರುವ ಕ್ರ್ಯಾಶ್ ಅನ್ನು ಹಿಡಿಯುವುದು ಹೇಗೆ?

ಗೇಮ್ ಟೆಸ್ಟಿಂಗ್‌ನಲ್ಲಿ ಹೆಚ್ಚು ಕಾಡುವುದು ಪ್ರತಿಸಲವೂ ಬರುವ ದೋಷವಲ್ಲ; ಒಮ್ಮೆ ಕಾಣಿಸಿಕೊಂಡು, ಅದೇ ಜಾಗಕ್ಕೆ ಮತ್ತೆ ಹೋದರೆ ಮಾಯವಾಗುವ ದೋಷ. ಅದನ್ನು ಹಿಡಿಯುವ ಕೆಲಸ ಕ್ರ್ಯಾಶ್ ಆದ ಮೇಲೆ ಶುರುವಾಗುವುದಿಲ್ಲ, ಅದಕ್ಕೂ ಮೊದಲು ಬರೆದಿಟ್ಟ ಟಿಪ್ಪಣಿಯಿಂದಲೇ ಶುರುವಾಗುತ್ತದೆ.

ಪ್ಲೇಟೆಸ್ಟ್ ಆರಂಭಿಸುವ ಮೊದಲು ಬಿಲ್ಡ್ ಸಂಖ್ಯೆ, ಸಾಧನದ ಮಾದರಿ ಮತ್ತು ಗ್ರಾಫಿಕ್ಸ್ ಸೆಟ್ಟಿಂಗ್‌ಗಳನ್ನು ಬರೆದುಕೊಂಡು, ಪರದೆಯ ರೆಕಾರ್ಡಿಂಗ್ ಚಾಲೂ ಮಾಡಿ. ಆಟಗಾರ ಆಡುತ್ತಿರುವಾಗ ಕಂಡದ್ದನ್ನು ಸಮಯದೊಂದಿಗೆ ಬರೆಯಿರಿ. ನಿಮ್ಮ ಊಹೆಯನ್ನು ಅದರೊಳಗೆ ಬೆರೆಸದೆ ಬೇರೆ ಸಾಲಿನಲ್ಲಿಡಿ. ಬಿಲ್ಲುಬಾಣದ ಒಂದು ಗೇಮ್ ಅನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ‘ಸೇತುವೆಯ ಹತ್ತಿರ ಕ್ರ್ಯಾಶ್ ಆಯಿತು’ ಎಂಬ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ‘12ನೇ ನಿಮಿಷ. ಸೇತುವೆಯ ಈಚೆಯಿಂದ ಆಚೆ ದಡದ ಶತ್ರುವಿಗೆ ಬೆನ್ನುಬೆನ್ನಿಗೆ ಎರಡು ಬಾಣ ಬಿಟ್ಟರು. ಮೊದಲ ಬಾಣಕ್ಕೇ ಶತ್ರು ಸತ್ತ. ತಕ್ಷಣ ಗೇಮ್ ಮುಚ್ಚಿತು’ ಎಂದು ಬರೆದಿದ್ದರೆ ಅರ್ಧ ತನಿಖೆ ಅಲ್ಲಿಗೇ ಮುಗಿದಂತೆ.

ಕ್ರ್ಯಾಶ್ ಆದ ಕೂಡಲೇ ಗೇಮ್ ಅನ್ನು ಮತ್ತೆ ತೆರೆಯಬೇಡಿ. ಎಷ್ಟೋ ಗೇಮ್‌ಗಳಲ್ಲಿ ಹೊಸದಾಗಿ ತೆರೆದಾಗ ಹಳೆಯ ಲಾಗ್ ಅಳಿಸಿಹೋಗುತ್ತದೆ. ಮೊದಲು ಲಾಗ್ ಫೈಲ್ ಮತ್ತು ಸೇವ್ ಫೈಲ್‌ಗಳ ನಕಲನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳಿ. ಅನಂತರ ಆ ಸೇವ್‌ನಿಂದಲೇ ಆಡುತ್ತಾ, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡಿ. ನಮ್ಮ ಉದಾಹರಣೆಯಲ್ಲಿ ಒಂದೇ ಬಾಣ ಬಿಟ್ಟಾಗ ಕ್ರ್ಯಾಶ್ ಬರುವುದಿಲ್ಲ. ಹತ್ತಿರದಿಂದ ಹೊಡೆದಾಗಲೂ ಬರುವುದಿಲ್ಲ, ಏಕೆಂದರೆ ಎರಡನೇ ಬಾಣ ಬಿಡುವ ಮೊದಲೇ ಶತ್ರು ಸತ್ತಿರುತ್ತಾನೆ. ದೂರದಿಂದ ಎರಡು ಬಾಣ ಬಿಟ್ಟಾಗ ಮಾತ್ರ, ಅದೂ ಸುಮಾರು 20 ಸಲಕ್ಕೆ ಒಮ್ಮೆ, ಗೇಮ್ ಮುಚ್ಚುತ್ತದೆ.

ಹಾಗಾದರೆ ಉಳಿದ 19 ಸಲ ಏಕೆ ಬರುವುದಿಲ್ಲ? ಶತ್ರು ಸತ್ತೊಡನೆ ಅವನ ಮಾಹಿತಿಯಿದ್ದ ಮೆಮೊರಿಯನ್ನು ಗೇಮ್ ಬಿಟ್ಟುಕೊಡುತ್ತದೆ, ಆದರೆ ಗಾಳಿಯಲ್ಲಿರುವ ಎರಡನೇ ಬಾಣ ಆ ಹಳೆಯ ವಿಳಾಸವನ್ನೇ ಹುಡುಕಿಕೊಂಡು ಬರುತ್ತದೆ. ಆ ಜಾಗದಲ್ಲಿ ಹಳೆಯ ಮಾಹಿತಿ ಇನ್ನೂ ಅಳಿಯದೆ ಉಳಿದಿದ್ದರೆ ಏನೂ ಆಗದಂತೆ ಆಟ ಮುಂದುವರಿಯುತ್ತದೆ. ಅಷ್ಟರೊಳಗೆ ಬೇರೇನೋ ಅಲ್ಲಿ ಬಂದು ಕೂತಿದ್ದರೆ ಗೇಮ್ ಕುಸಿಯುತ್ತದೆ. ಹೀಗಾಗಿ ಅದೇ ಪ್ರಯತ್ನವನ್ನು ಸುಮ್ಮನೆ ಪುನರಾವರ್ತಿಸುವ ಬದಲು ದೋಷಕ್ಕೆ ಅನುಕೂಲವಾದ ಸ್ಥಿತಿಯನ್ನು ಸೃಷ್ಟಿಸಬೇಕು: ಹೊಸ ಶತ್ರುಗಳು ಒಂದರ ಹಿಂದೊಂದು ಹುಟ್ಟುತ್ತಿರುವ ಕಡೆ, ಬಾಣ ತಲುಪಬಹುದಾದ ಗರಿಷ್ಠ ದೂರದಲ್ಲಿ ನಿಂತು ಹೊಡೆಯಬೇಕು. ಬಿಟ್ಟುಕೊಟ್ಟ ಜಾಗ ಅಲ್ಲಿ ಬೇಗ ತುಂಬುವ ಸಂಭವ ಹೆಚ್ಚಿರುವುದರಿಂದ ಕ್ರ್ಯಾಶ್ ಕೂಡ ಹೆಚ್ಚು ಸಲ ಬರಬಹುದು. ಮೆಮೊರಿಯ ಒಳಗುಟ್ಟನ್ನು ಖಚಿತಪಡಿಸುವುದು ಡೆವಲಪರ್‌ಗಳ ಕೆಲಸ. ಯಾವ ಸ್ಥಿತಿಯಲ್ಲಿ ಎಷ್ಟು ಸಲಕ್ಕೆ ಎಷ್ಟು ಬಾರಿ ಬಂತು ಎಂಬ ಲೆಕ್ಕವನ್ನು ಟೆಸ್ಟರ್ ಕೊಡಬೇಕು.

ಈ ಲೆಕ್ಕ ದುರಸ್ತಿಯಾದ ಮೇಲೂ ಬೇಕಾಗುತ್ತದೆ. 20 ಸಲಕ್ಕೆ ಒಮ್ಮೆ ಬರುವ ಕ್ರ್ಯಾಶ್, ದುರಸ್ತಿಯಾಗದೆಯೂ ಸತತ 20 ಪ್ರಯತ್ನಗಳಲ್ಲಿ ಕಾಣಿಸದೇ ಹೋಗುವ ಸಾಧ್ಯತೆ ಸುಮಾರು ಶೇ 36ರಷ್ಟಿದೆ. ಈ ಸಾಧ್ಯತೆ ಶೇ 5ಕ್ಕಿಂತ ಕೆಳಗಿಳಿಯಬೇಕಾದರೆ ಸತತ ಸುಮಾರು 60 ಪ್ರಯತ್ನಗಳು ತೊಂದರೆಯಿಲ್ಲದೆ ನಡೆಯಬೇಕು. ಮೂರಕ್ಕೆ ಎರಡು ಸಲ ಬರುವಂತಹ ಸ್ಥಿತಿಯನ್ನು ಮೊದಲೇ ಕಂಡುಕೊಂಡಿದ್ದರೆ ಅದಕ್ಕೆ ಮೂರು ಪ್ರಯತ್ನಗಳೇ ಸಾಕು.

ಇನ್ನು ಅದೇ ಟಿಪ್ಪಣಿಗಳನ್ನು ಒಟ್ಟಿಗೆ ಓದಿದಾಗ ಇನ್ನೊಂದು ವಿಷಯ ಗೋಚರಿಸಬಹುದು: ಬೇರೆ ಬೇರೆ ಆಟಗಾರರು ಸೇತುವೆಯ ಈಚೆಯೇ ನಿಂತು ಬಿಲ್ಲನ್ನೇ ಬಳಸಿದ್ದಾರೆ. ಇದು ಸಮತೋಲನದ ಸಮಸ್ಯೆಯ ಸುಳಿವು, ಆದರೆ ಪುರಾವೆಯಲ್ಲ. ಹೆಚ್ಚು ಜನ ಬಳಸುತ್ತಾರೆ ಎಂದಮಾತ್ರಕ್ಕೆ ಆಯುಧ ವಿಪರೀತ ಬಲಶಾಲಿ ಎಂದಾಗುವುದಿಲ್ಲ. ಅದು ಮೊದಲು ಕೈಗೆ ಸಿಗುವ ಆಯುಧವೂ ಆಗಿರಬಹುದು. ಬಿಲ್ಲಿನಿಂದ ಮತ್ತು ಕತ್ತಿಯಿಂದ ಆ ಹಂತವನ್ನು ಗೆದ್ದವರ ಪ್ರಮಾಣ, ಕಳೆದುಕೊಂಡ ಆರೋಗ್ಯ ಮತ್ತು ಹಿಡಿದ ಸಮಯ ಇವುಗಳನ್ನು ಹೋಲಿಸಿ. ಹೊಸಬರನ್ನೂ ನುರಿತವರನ್ನೂ ಬೇರೆಬೇರೆಯಾಗಿ ನೋಡಿ. ಬಿಲ್ಲು ಹಿಡಿದವರು ಒಂದು ಏಟನ್ನೂ ತಿನ್ನದೆ ದಾಟುತ್ತಿದ್ದರೆ, ಶತ್ರುವಿನ ಕಣ್ಣಿಗೆ ಬೀಳುವ ದೂರಕ್ಕಿಂತ ಬಾಣ ತಲುಪುವ ದೂರ ಹೆಚ್ಚಿದೆಯೇ ಎಂದು ಅಳೆದು ನೋಡಬೇಕು. ಹೆಚ್ಚಿದ್ದರೆ ಎರಡರಲ್ಲಿ ಒಂದನ್ನು ಮಾತ್ರ ಬದಲಿಸಿ, ಮತ್ತೆ ಆಡಿಸಬೇಕು.

ಆದರೆ ಈ ಬದಲಾವಣೆಯನ್ನು ಕ್ರ್ಯಾಶ್ ದುರಸ್ತಿಯಾಗುವವರೆಗೆ ತಡೆಹಿಡಿಯುವಂತೆ ತಂಡವನ್ನು ಕೇಳಿಕೊಳ್ಳಿ. ಬಾಣದ ದೂರವನ್ನು ಮೊದಲೇ ಕಡಿಮೆ ಮಾಡಿದರೆ ಎರಡನೇ ಬಾಣ ಗಾಳಿಯಲ್ಲಿರುವ ಸಂದರ್ಭವೇ ವಿರಳವಾಗಿ, 20ಕ್ಕೆ ಒಮ್ಮೆ ಬರುತ್ತಿದ್ದ ಕ್ರ್ಯಾಶ್ ಸಾವಿರಕ್ಕೆ ಒಮ್ಮೆ ಬರುವಂತಾಗಬಹುದು. ಆಗ ಅದು ಟೆಸ್ಟರ್‌ಗಳ ಕಣ್ಣಿಗೆ ಬೀಳದೆ ಆಟಗಾರರ ಕೈಯಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ.