ಸೆರಗಿನ ತುದಿಯಿಂದ ಅಳೆದು ಬರೆದ ಸೀರೆ

ನಾನು ಮಾರಿದ ಮೊದಲ ಹಳೆಯ ರೇಷ್ಮೆ ಸೀರೆ ಹನ್ನೊಂದನೆಯ ದಿನಕ್ಕೆ ವಾಪಸು ಬಂತು. ‘ಎರಡೇ ಸಲ ಉಟ್ಟದ್ದು, ಒಳ್ಳೆಯ ಸ್ಥಿತಿಯಲ್ಲಿದೆ’ ಎಂದು ಬರೆದು, ಮಂಚದ ಮೇಲೆ ಹರಡಿ ತೆಗೆದ ನಾಲ್ಕು ಚಿತ್ರಗಳನ್ನು ಹಾಕಿದ್ದೆ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಎರಡು ಸಲ ಉಟ್ಟ ಆ ಸೀರೆ ಬೀರುವಿನಲ್ಲಿ ಹದಿನೆಂಟು ವರ್ಷ ಒಂದೇ ಮಡಿಕೆಯಲ್ಲಿ ಕುಳಿತಿತ್ತು. ಕೊಂಡವರು ಬಿಚ್ಚಿ ಕೊಡವಿದಾಗ ಸೆರಗಿನ ಮಡಿಕೆಯ ಗೆರೆಯಲ್ಲೇ ನಾಲ್ಕು ಅಂಗುಲ ಪಿಸಿದುಹೋಯಿತು. ಎಷ್ಟು ಸಲ ಉಟ್ಟದ್ದು ಎಂಬ ಮಾತಿನಿಂದ ರೇಷ್ಮೆಯ ಸ್ಥಿತಿ ತಿಳಿಯುವುದಿಲ್ಲ ಎಂಬುದು ಅಂದು ನನಗೆ ಅರ್ಥವಾಯಿತು. ಹಣ ಹಿಂದಿರುಗಿಸಿದ ಮೇಲೆ ಮುಂದಿನ ಸೀರೆಗೆ ನಾನು ಟೇಪು ಹಿಡಿದು ಕುಳಿತೆ. ಆ ಸೀರೆಯ ವಿಚಾರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು ನಮ್ಮ ದೊಡ್ಡಮ್ಮ 1996ರಲ್ಲಿ ಮಗಳ ಮದುವೆಗೆಂದು ಕೊಂಡ ಕಂಚಿ ಸೀರೆ. ಎಲೆಹಸಿರಿನ ಒಡಲು, ಕುಂಕುಮದ ಬಣ್ಣದ ಅಂಚು, ಸೆರಗಿನ ತುಂಬ ಜರಿ. ಎರಡು ದಿನ ಅದನ್ನು ನೆರಳಿನಲ್ಲಿ ಹರವಿ ನುಸಿಗುಳಿಗೆಯ ವಾಸನೆ ಹೋಗಲು ಬಿಟ್ಟೆ. ಆಮೇಲೆ ಬಳೆ, ಉಂಗುರ ತೆಗೆದಿಟ್ಟು, ನೆಲದ ಮೇಲೆ ಬಿಳಿಯ ಹತ್ತಿ ಹಾಸು ಹಾಸಿ, ಸೆರಗಿನ ತುದಿಯನ್ನು ಸೊನ್ನೆ ಎಂದು ಇಟ್ಟುಕೊಂಡು ಅಳೆಯತೊಡಗಿದೆ. ಸೊನ್ನೆಯನ್ನು ಸೆರಗಿನ ಕಡೆಯಿಂದಲೇ ಏಕೆ ಹಿಡಿಯಬೇಕೆಂದರೆ, ಒಳಗೆ ಸಿಕ್ಕಿಸುವ ತುದಿಯಲ್ಲಿ ರವಿಕೆ ಬಟ್ಟೆ ಇರಬಹುದು, ಕತ್ತರಿಸಿರಬಹುದು, ಓರೆಯಾಗಿ ಕತ್ತರಿಸಿರಲೂಬಹುದು. ಸೆರಗಿನ ಅಂಚು ಮಾತ್ರ ಎಲ್ಲರ ಕೈಯಲ್ಲೂ ಒಂದೇ ಕಡೆ ಇರುತ್ತದೆ.

ತೂತುಗಳನ್ನು ಹುಡುಕಲು ಮೇಲಿನಿಂದ ನೋಡಿದರೆ ಸಾಲದು. ಮಧ್ಯಾಹ್ನ ಬೆಳಕು ಬರುವ ಕಿಟಕಿಗೆ ಅಡ್ಡಲಾಗಿ ನಾನೂ ಮಗಳೂ ಸೀರೆಯನ್ನು ಒಂದೊಂದೇ ಗಜ ಎತ್ತಿ ಹಿಡಿದೆವು. ತುದಿಯಿಂದ 104 ಸೆಂಟಿಮೀಟರಿನಲ್ಲಿ, ಮೇಲಂಚಿನಿಂದ ಮೂರು ಬೆರಳು ಕೆಳಗೆ, ಸಾಸಿವೆಗಿಂತ ಸಣ್ಣದಾಗಿ ಒಂಬತ್ತು ಕಡೆ ಬೆಳಕು ತೂರಿ ಬಂತು. ಅವುಗಳಲ್ಲಿ ಎರಡು ಕೂಡಿಕೊಂಡು ಒಂದು ಸೆಂಟಿಮೀಟರಿನ ಸೀಳಾಗಿತ್ತು. ಅದು ಹೆಗಲ ಪಿನ್ನಿನ ಜಾಗ. ಸುಮಾರು ಒಂದು ಮೀಟರು ಸೆರಗು ಬೆನ್ನ ಹಿಂದೆ ಇಳಿಬಿಡುವವರ ಸೀರೆಗಳಲ್ಲೆಲ್ಲ ಈ ತೂತುಗಳು ಇಲ್ಲೇ ಆಸುಪಾಸಿನಲ್ಲಿ ಸಿಗುತ್ತವೆ. ಉದ್ದಕ್ಕೂ ನಡುವೆ ಬಂದಿದ್ದ ಮಡಿಕೆಯ ಗೆರೆ ಬೆಳ್ಳಗಾಗಿತ್ತು. ಅಲ್ಲಿ ಎರಡು ಹೆಬ್ಬೆರಳುಗಳನ್ನು ಒಂದು ಅಂಗುಲ ಅಂತರದಲ್ಲಿಟ್ಟು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಬಹಳ ಮೆತ್ತಗೆ ಎಳೆದು ನೋಡಿದೆ. ಗಟ್ಟಿಯಾದ ರೇಷ್ಮೆ ಬೆರಳಿಗೆ ಎದುರು ನಿಲ್ಲುತ್ತದೆ. ಜಬ್ಬಾದದ್ದರಲ್ಲಿ ಎಳೆಗಳ ನಡುವೆ ಸಂದು ಬಿಡುತ್ತದೆ, ಕೆಲವೊಮ್ಮೆ ಸಣ್ಣಗೆ ಚರ್ ಎನ್ನುತ್ತದೆ. ಆ ಸದ್ದು ಕೇಳಿಸಿದರೆ ಅಲ್ಲಿಗೇ ಕೈಬಿಡಬೇಕು. ಈ ಸೀರೆಯ ಗೆರೆಯಲ್ಲಿ ಬಣ್ಣ ಮಾತ್ರ ಹೋಗಿತ್ತು, ಬಲ ಹೋಗಿರಲಿಲ್ಲ. ಒಡಲೂ ಅಂಚೂ ಕೂಡುವ ಸಂದಿನಲ್ಲಿಯೂ ಇದೇ ರೀತಿ ನೋಡಿದೆ, ಏಕೆಂದರೆ ಹಳೆಯ ಕಂಚಿಯಲ್ಲಿ ಆ ಜೋಡಣೆ ಬಿಟ್ಟಿದ್ದರೆ ರಫ್ಫು ಮಾಡಿಸಿದರೂ ಗುರುತು ಉಳಿಯುತ್ತದೆ.

ಜರಿಯ ಬಗ್ಗೆ ಬರೆಯುವವರು ಹೆಚ್ಚಾಗಿ ‘ಜರಿ ಚೆನ್ನಾಗಿದೆ’ ಎಂದಷ್ಟೇ ಬರೆದುಬಿಡುತ್ತಾರೆ. ನಾನು ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡುತ್ತೇನೆ: ಮಬ್ಬಾಗಿದೆಯೇ, ಕಪ್ಪಾಗಿದೆಯೇ, ಎದ್ದಿದೆಯೇ. ಅಪ್ಪಟ ಜರಿ ಎಂದರೆ ರೇಷ್ಮೆ ಎಳೆಯ ಮೇಲೆ ಬೆಳ್ಳಿಯ ಚಪ್ಪಟೆ ತಂತಿ ಸುತ್ತಿ ಚಿನ್ನದ ನೀರು ಹಿಡಿಸಿದ್ದು. ಗಾಳಿಗೂ ಬೆವರಿಗೂ ಬೆಳ್ಳಿ ಮಬ್ಬಾಗುವುದು ಸಹಜ, ಅದನ್ನು ದೋಷವೆಂದು ಯಾರೂ ತಳ್ಳಿಹಾಕುವುದಿಲ್ಲ. ಹೆಗಲು, ಸೊಂಟದ ಜಾಗಗಳಲ್ಲಿ ಪಟ್ಟೆಯಾಗಿ ಕಪ್ಪಾಗಿದ್ದರೆ ಅದು ಬೆವರಿನದು ಅಥವಾ ಸೆಂಟಿನದು, ಅದನ್ನು ಬರೆಯಲೇಬೇಕು. ತಂತಿ ಬಿಚ್ಚಿಕೊಂಡು ಒಳಗಿನ ಎಳೆ ಕಾಣುತ್ತಿದ್ದರೆ ಅದು ಎದ್ದ ಜರಿ. ಅದು ಬಳೆಗೆ, ಕಾಲುಚೈನಿಗೆ ಸಿಕ್ಕಿಕೊಂಡು ದಿನೇ ದಿನೇ ಹೆಚ್ಚುತ್ತಲೇ ಹೋಗುತ್ತದೆ. ಹುಣಸೆಹಣ್ಣು, ಹಲ್ಲುಜ್ಜುವ ಪೇಸ್ಟು ಹಾಕಿ ಉಜ್ಜಿದರೆ ಹೊಳಪು ಬರುತ್ತದೆ ಎನ್ನುವ ಹಿತೈಷಿಗಳು ನಮ್ಮ ನೆಂಟರಲ್ಲೂ ಇದ್ದಾರೆ. ಹಾಗೆ ಉಜ್ಜಿದರೆ ಮೇಲಿನ ಚಿನ್ನ ಹೋಗಿ ಬಿಳಿಯ ಬೆಳ್ಳಿ ಉಳಿಯುತ್ತದೆ.

ಅಪ್ಪಟವೋ ಅಲ್ಲವೋ ಎಂದು ತಿಳಿಯಲು ಸೆರಗಿನ ಹಿಂಬದಿಯಲ್ಲಿ ಮೊದಲೇ ಕಿತ್ತುಹೋಗಿದ್ದ ಅರ್ಧ ಅಂಗುಲದ ಒಂದು ಎಳೆಯನ್ನು ಕತ್ತರಿಸಿಕೊಂಡು ಉಗುರಿನಿಂದ ಬಿಡಿಸಿದೆ. ಒಳಗೆ ಕೆಂಪು ಎಳೆ ಬಂತು. ಅದನ್ನು ಕಂಡ ಕೂಡಲೇ ಅಪ್ಪಟ ಎಂದು ಹೇಳುವವರು ಬಹಳ ಮಂದಿ. ಆದರೆ ಎಳೆಗೆ ಬಣ್ಣ ಹಾಕುವುದು ಕಷ್ಟದ ಕೆಲಸವಲ್ಲವಾದ್ದರಿಂದ ಅಷ್ಟಕ್ಕೇ ನಂಬುವಂತಿಲ್ಲ, ನೋಡಬೇಕಾದದ್ದು ತಂತಿಯನ್ನು. ನಮ್ಮ ಅಕ್ಕಸಾಲಿಗರು ಒರೆಗಲ್ಲಿನ ಮೇಲೆ ಎಳೆದಾಗ ಬಿಳಿಯ ಗೆರೆ ಮೂಡಿತು. ತಾಮ್ರದ ತಂತಿಯ ಟೆಸ್ಟೆಡ್ ಜರಿಯಾಗಿದ್ದರೆ ಕೆಂಪು ಗೆರೆ ಬರುತ್ತಿತ್ತು. ಬೆಳ್ಳಿ ಎಷ್ಟು ಪಾಲು ಎಂಬುದು ಇದರಿಂದ ತಿಳಿಯುವುದಿಲ್ಲ. ಆದ್ದರಿಂದ ‘ಒರೆಗಲ್ಲಿನಲ್ಲಿ ಬೆಳ್ಳಿ ಕಂಡಿದೆ, ಪ್ರಮಾಣ ಪರೀಕ್ಷಿಸಿಲ್ಲ’ ಎಂದಷ್ಟೇ ಬರೆದೆ.

ಫಾಲ್ಸ್ ವಿಚಾರದಲ್ಲಿ ನಾನು ಕಲಿತದ್ದು ಹೆಚ್ಚು. ಹಳೆಯ ಫಾಲ್ಸ್ ಒಗೆತಕ್ಕೆ ಕುಗ್ಗಿ ಅಂಚನ್ನು ಸುಕ್ಕು ಸುಕ್ಕಾಗಿ ಎಳೆದಿತ್ತು. ಒಂದು ಗೇಣಿನಷ್ಟು ಬಿಚ್ಚಿ ನೋಡಿದರೆ ಅದರ ಅಡಿಯ ರೇಷ್ಮೆ ಹೊಸದರಂತೆ ಗಾಢವಾಗಿತ್ತು. ಪಕ್ಕದ ಒಡಲಿನೊಂದಿಗೆ ಹೋಲಿಸಿದಾಗಲೇ ಸೀರೆಯ ಬಣ್ಣ ಎಷ್ಟು ಇಳಿದಿದೆ ಎಂಬುದು ಕಣ್ಣಿಗೆ ಬಿತ್ತು. ಪೂರ್ತಿ ಬಿಚ್ಚಿದಾಗ ಇನ್ನೊಂದು ಸಂಗತಿ ಸಿಕ್ಕಿತು. ತುದಿಯಿಂದ 370 ಸೆಂಟಿಮೀಟರಿನಲ್ಲಿ, ಎಂದರೆ ನೆರಿಗೆ ಬರುವ ಜಾಗದಲ್ಲಿ, ಕೆಳಅಂಚಿನ ಜರಿ ಎಂಟು ಸೆಂಟಿಮೀಟರು ಎದ್ದಿತ್ತು, ಯಾರೋ ಫಾಲ್ಸ್ ಅನ್ನು ಅಲ್ಲಿ ಸ್ವಲ್ಪ ಹೊರಗೆ ಎಳೆದು ಹೊಲಿದು ಅದನ್ನು ಮುಚ್ಚಿದ್ದರು. ಫಾಲ್ಸ್ ಬಿಚ್ಚದೆ ಮಾರಿದ್ದರೆ ಇದು ನನಗೂ ತಿಳಿಯುತ್ತಿರಲಿಲ್ಲ, ಮರೆಮಾಚಿದೆನೆಂಬ ಮಾತು ಮಾತ್ರ ನನ್ನ ಮೇಲೆ ಬರುತ್ತಿತ್ತು. ಅಂಚು ಬರಿದಾಗಿದ್ದಾಗಲೇ ಚಿತ್ರ ತೆಗೆದುಕೊಂಡೆ. ಆಮೇಲೆ ಹೊಸ ಹತ್ತಿಯ ಫಾಲ್ಸ್ ತಂದು, ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡು, ಒಣಗಿಸಿ ಇಸ್ತ್ರಿ ಮಾಡಿ ಕೈಹೊಲಿಗೆಯಲ್ಲಿ ಹಾಕಿದೆ.

ರವಿಕೆ ಬಟ್ಟೆಯನ್ನು ಹಿಂದೆಯೇ ಕತ್ತರಿಸಿದ್ದರು, ಸೀರೆ 5.48 ಮೀಟರು ಉಳಿದಿತ್ತು, ಪನ್ನ 46 ಅಂಗುಲ. ಹೊಲಿದ ರವಿಕೆಯೂ ಜೊತೆಗಿತ್ತು, ಆದರೆ ಕಂಕುಳಲ್ಲಿ ಬೆವರಿಗೆ ಬಣ್ಣ ಕೆಟ್ಟಿತ್ತು. ಎದೆಸುತ್ತು 34, ಒಳಗೆ ಎರಡೂ ಬದಿ ಒಂದೊಂದು ಅಂಗುಲ ಬಿಟ್ಟಿದೆ, ಬೆಲೆಗೆ ಲೆಕ್ಕವಿಲ್ಲ ಎಂದು ಬರೆದೆ.

ಇಷ್ಟಾದರೂ ಅಳತೆಗಳ ಪಟ್ಟಿ ಓದುವವರಿಗೆ ಸೀರೆ ಕಣ್ಣಿಗೆ ಕಟ್ಟುವುದಿಲ್ಲ. 150 ಸೆಂಟಿಮೀಟರಿನಲ್ಲಿ ಬಟಾಣಿಯಷ್ಟು ತುಪ್ಪದ ಕಲೆ ಇದೆ ಎಂದರೆ ಅದು ಉಟ್ಟಾಗ ಎಲ್ಲಿ ಬರುತ್ತದೆ? ಹೆಗಲಿನ ಸೀಳಿಗೆ, ಎದ್ದ ಜರಿಗೆ, ಕಲೆಗೆ ಬೇರೆ ಬೇರೆ ಬಣ್ಣದ ನೂಲನ್ನು ಸಡಿಲವಾಗಿ ಒಂದೊಂದು ಹೊಲಿಗೆ ಹಾಕಿ ಗುರುತು ಮಾಡಿ, ಮೊದಲು ನಾನು ಉಟ್ಟೆ, ಆಮೇಲೆ ಮಗಳಿಗೆ ಉಡಿಸಿದೆ. ನನ್ನ ಎತ್ತರ ಐದಡಿ ಆರಂಗುಲ, ಅವಳದು ಐದಡಿ ಎರಡು. ಸೆರಗನ್ನು ಮಡಿಸಿ ಪಿನ್ ಮಾಡಿದಾಗ ಕಲೆ ಇಬ್ಬರಲ್ಲೂ ಮಡಿಕೆಯ ಒಳಗೆ ಹೋಯಿತು. ಮಡಿಸದೆ ಹಾಗೇ ಇಳಿಬಿಟ್ಟಾಗ ನನಗೆ ಎಡ ಎದೆಯ ಕೆಳಗೆ ಕಂಡಿತು, ಅವಳಿಗೆ ಹೊಟ್ಟೆಯ ಮೇಲೆ ಬಂತು. ಎದ್ದ ಜರಿ ನನಗೆ ನಾಲ್ಕನೆಯ ನೆರಿಗೆಯ ಒಳಬದಿಗೆ ಹೋದರೆ ಅವಳಿಗೆ ಐದನೆಯದರ ಹೊರಬದಿಗೆ ಬಂತು. ಹಾಗಾಗಿ ‘ಉಟ್ಟಾಗ ಕಾಣುವುದಿಲ್ಲ’ ಎಂಬ ಮಾತನ್ನು ನಾನೀಗ ಬರೆಯುವುದೇ ಇಲ್ಲ. ಯಾರು ಉಟ್ಟಾಗ, ಹೇಗೆ ಉಟ್ಟಾಗ ಎಂದು ಎತ್ತರದ ಸಮೇತ ಬರೆಯುತ್ತೇನೆ.

ಉಟ್ಟು ನೋಡಿದ್ದರಿಂದ ಸೀರೆ ನಿಲ್ಲುವ ರೀತಿಯೂ ತಿಳಿಯಿತು. ಹೊಸ ಕಂಚಿ ನೆರಿಗೆ ಹಿಡಿದರೆ ಮೈಯಿಂದ ದೂರ ಸೆಟೆದು ನಿಲ್ಲುತ್ತದೆ, ಮೈಸೂರು ಕ್ರೇಪ್ ತಾನಾಗಿ ಜಾರಿ ಇಳಿಯುತ್ತದೆ. ಇದು ಬಳಸಿ ಮೃದುವಾಗಿ ಎರಡರ ನಡುವೆ ಇತ್ತು. ಪಾಲಿಶ್ ಮಾಡಿಸಿದ್ದರೆ ಚಿತ್ರದಲ್ಲಿ ಗರಿಗರಿಯಾಗಿ ಕಾಣುತ್ತಿತ್ತು, ನಿಜ. ಆದರೆ ಬೆಳ್ಳಗಾದ ಮಡಿಕೆಯ ಗೆರೆ ಅಷ್ಟು ಬಿರುಸನ್ನು ತಡೆಯುವುದು ನನಗೆ ಅನುಮಾನವಾಗಿತ್ತು, ಮಾಡಿಸಲಿಲ್ಲ.

ಮೊಬೈಲಿನ ಚಿತ್ರದಲ್ಲಿ ಹಸಿರು ನೀಲಿಗೆ ತಿರುಗುತ್ತಿತ್ತು. ಏನು ಮಾಡಿದರೂ ಸರಿಹೋಗದಿದ್ದಾಗ ದೇವರ ಮುಂದಿನ ತಟ್ಟೆಯಿಂದ ಒಂದು ವೀಳ್ಯದೆಲೆ ತಂದು ಸೀರೆಯ ಪಕ್ಕದಲ್ಲಿಟ್ಟು ತೆಗೆದೆ. ಎಲೆಯ ಬಣ್ಣ ಎಲ್ಲರಿಗೂ ಗೊತ್ತಿರುವುದರಿಂದ ಸೀರೆ ಅದಕ್ಕಿಂತ ಎಷ್ಟು ಗಾಢ ಎಂಬುದನ್ನು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ದೋಷಗಳ ಚಿತ್ರದಲ್ಲಿ ಪ್ರತಿಸಲವೂ ಒಂದು ರೂಪಾಯಿ ನಾಣ್ಯ ಇಟ್ಟೆ.

ಕೊನೆಗೆ ಬರೆದ ವಿವರದ ಮುಖ್ಯ ಭಾಗ ಹೀಗಿತ್ತು: ‘ಕಂಚಿ ರೇಷ್ಮೆ, 1996ರ ಖರೀದಿ. ಉದ್ದ 5.48 ಮೀಟರು, ರವಿಕೆ ಬಟ್ಟೆ ಇಲ್ಲ. ಜರಿ ಮಬ್ಬಾಗಿದೆ, ಕಪ್ಪಾಗಿಲ್ಲ. ಸೆರಗಿನ ತುದಿಯಿಂದ 104 ಸೆಂ.ಮೀ.ನಲ್ಲಿ ಪಿನ್ನಿನ ತೂತುಗಳು, ಒಂದು ಸೆಂ.ಮೀ. ಸೀಳು, 150ರಲ್ಲಿ ಬಟಾಣಿಯಷ್ಟು ತುಪ್ಪದ ಕಲೆ, 370ರಲ್ಲಿ ಕೆಳಅಂಚಿನ ಜರಿ ಎಂಟು ಸೆಂ.ಮೀ. ಎದ್ದಿದೆ. ನಡುಮಡಿಕೆಯ ಗೆರೆ ಬಿಳುಪಾಗಿದೆ, ಗಟ್ಟಿಯಾಗಿದೆ. ಫಾಲ್ಸ್ ಹೊಸದು, ಅದರ ಅಡಿಯ ಚಿತ್ರವೂ ಇದೆ.’

ಧಾರವಾಡದ ಕಡೆಯವರೊಬ್ಬರು ಫೋನು ಮಾಡಿದರು. ‘ಅಕ್ಕಾರ, ಆ ಕಲಿ ಎದಿ ಮ್ಯಾಲ ಬರ್ತೈತೇನ್ರಿ?’ ಎಂಬುದೊಂದೇ ಅವರ ಪ್ರಶ್ನೆ. ಅವರ ಎತ್ತರ ಕೇಳಿ, ಸೆರಗು ಮಡಿಸಿ ಉಡುತ್ತಾರೆಂದು ತಿಳಿದುಕೊಂಡು, ಮಗಳು ಉಟ್ಟ ಚಿತ್ರ ಕಳಿಸಿದೆ. ಜರಿಗಾಗಿ ಹಳೆಯ ಸೀರೆ ಕೊಳ್ಳುವವನು ಹೇಳಿದ್ದಕ್ಕಿಂತ ಎರಡೂವರೆ ಪಟ್ಟು ಬೆಲೆಗೆ ಸೀರೆ ಹೋಯಿತು. ತಲುಪಿದ ದಿನ ಅವರು ಮತ್ತೆ ಕರೆದು, ಕಲೆ 150ರಲ್ಲಿ ಇಲ್ಲ, 156ರಲ್ಲಿ ಇದೆ ಎಂದರು. ವಿಚಾರಿಸಿದರೆ ಅವರು ಟೇಪನ್ನು ಕುಚ್ಚಿನ ತುದಿಯಿಂದ ಹಿಡಿದಿದ್ದರು. ಅಂದಿನಿಂದ ‘ಅಳತೆ ಕುಚ್ಚು ಬಿಟ್ಟು, ನೇಯ್ಗೆ ಆರಂಭವಾಗುವಲ್ಲಿಂದ’ ಎಂಬ ಒಂದು ವಾಕ್ಯವನ್ನು ವಿವರದ ಮೊದಲಿಗೇ ಬರೆಯುತ್ತಿದ್ದೇನೆ.