ವ್ಯಾಕರಣ ಸರಿ ಇದ್ದರೂ ಮಾತು ಕನ್ನಡದ್ದು ಅನ್ನಿಸದಿದ್ದಾಗ: ಹೂಂ, ಅಂತೆ, ಅಲ್ವಾ, ಕಣ್ರೀ ಕಲಿಸಿದ ನನ್ನ ಅನುಭವ

ಬೆಂಗಳೂರಿನಲ್ಲಿ ಹೊರ ರಾಜ್ಯದವರಿಗೆ ಮಾತಾಡುವ ಕನ್ನಡ ಕಲಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಿಭಕ್ತಿ, ಕಾಲ, ಸರ್ವನಾಮ ಹೇಗೆ ಕಲಿಸಬೇಕು ಅನ್ನುವುದು ನಿಮಗೆಲ್ಲ ಗೊತ್ತಿರುವ ವಿಷಯ, ಅದನ್ನು ಬಿಡೋಣ. ನಾನು ಎರಡನೇ ವಾರದಿಂದಲೇ ಮಾತಿನ ಸಂದು ತುಂಬುವ ಪದಗಳನ್ನು ಪಾಠವಾಗಿ ಇಟ್ಟಾಗ ಜೊತೆಯ ಶಿಕ್ಷಕರು ನಕ್ಕಿದ್ದರು. "ಅದು ಕೆಟ್ಟ ಚಟ, ಕಲಿಸೋದಲ್ಲ, ಬಿಡಿಸೋದು" ಅನ್ನುವುದು ಅವರ ವಾದ. ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಅಂಥ ಸದ್ದುಗಳನ್ನು ಎಣಿಸುವುದಕ್ಕೇ 'ಆ ಕೌಂಟರ್' ಅಂತ ಒಬ್ಬರನ್ನು ಕೂರಿಸುತ್ತಾರೆ ಅಂತ ಉದಾಹರಣೆಯನ್ನೂ ಕೊಟ್ಟರು. ವೇದಿಕೆಯ ಭಾಷಣಕ್ಕೆ ಅದು ಸರಿಯೇ. ಪ್ಲಂಬರಿಗೆ ಫೋನ್ ಮಾಡುವುದು ಭಾಷಣವಲ್ಲ.

ನನ್ನ ಅಳತೆಗೋಲು ಒಂದೇ: ಎದುರಿನವರು ಕನ್ನಡದಲ್ಲೇ ಉತ್ತರ ಕೊಟ್ಟರೋ, ಹಿಂದಿಗೋ ಇಂಗ್ಲಿಷಿಗೋ ಹೊರಳಿದರೋ. ಹಳೆಯ ಪಾಠಕ್ರಮದಲ್ಲಿ ಎಂಟು ವಾರ ಮುಗಿಸಿದವರಿಗೂ ಹತ್ತು ಕರೆಗಳಲ್ಲಿ ಆರೇಳು ಸಲ ಎದುರಿನವರು ಭಾಷೆ ಬದಲಾಯಿಸುತ್ತಿದ್ದರು. ಈಗ ಅದು ಎರಡೋ ಮೂರೋ. ಲೆಕ್ಕ ಕಲಿಯುವವರೇ ಬರೆದುಕೊಂಡು ಬಂದದ್ದು, ಹೆಚ್ಚುಕಮ್ಮಿ ಇರಬಹುದು, ಆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿದೆ.

ಮೊದಲು ದುಡ್ಡು ಹೋದ ಕಥೆ. ಕೇಳಿಸುವುದಕ್ಕೆ ಒಳ್ಳೆಯ ಸಂಭಾಷಣೆ ಬೇಕು ಅಂತ ಸ್ಟುಡಿಯೋ ಬಾಡಿಗೆ, ಇಬ್ಬರು ಕಂಠದಾನ ಕಲಾವಿದರು, ಎಲ್ಲ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಖರ್ಚಾಯಿತು. ಸ್ಕ್ರಿಪ್ಟಿನಲ್ಲಿ 'ಅಂದ್ರೆ', 'ಅಲ್ವಾ' ಎಲ್ಲ ಬರೆದೇ ಕೊಟ್ಟಿದ್ದೆವು. ಕಲಾವಿದರು ಅವನ್ನು ಸ್ಪಷ್ಟವಾಗಿ, ಮುಖ್ಯ ಪದಗಳಷ್ಟೇ ಒತ್ತು ಕೊಟ್ಟು ಓದಿದರು. ತೊಂದರೆ ಅಲ್ಲೇ. ಈ ಪದಗಳು ಅಕ್ಕಪಕ್ಕದ ಪದಗಳಿಗಿಂತ ಮೆತ್ತಗೆ, ಬೇಗ, ಅರ್ಧ ನುಂಗಿ ಬರಬೇಕು. ಒತ್ತು ಬಿದ್ದರೆ ಅವೇ ಕಂಠಪಾಠದ ಗುರುತಾಗುತ್ತವೆ. ಆ ಧ್ವನಿಮುದ್ರಣ ಮೂಲೆಗೆ ಹೋಯಿತು. ಆಮೇಲೆ ಸಾವಿರದೈನೂರರ ಕಾಲರ್ ಮೈಕು ತಂದು, ಅಂಗಡಿಯವರು, ಮನೆ ಬ್ರೋಕರು, ಹೂವಿನವರು, ಹೀಗೆ ಒಪ್ಪಿದವರಿಗೆ ಅರ್ಧ ಗಂಟೆಗೆ ಇನ್ನೂರು ಮುನ್ನೂರು ಕೊಟ್ಟು, ಅವರ ಕೆಲಸದ ಬಗ್ಗೆಯೇ ಮಾತಾಡಿಸಿ ರೆಕಾರ್ಡ್ ಮಾಡಿದ್ದು ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಮೊದಲ ಐದಾರು ನಿಮಿಷ ಎಸೆಯಬೇಕು. ಮೈಕು ಮರೆಯುವವರೆಗೆ ಎಲ್ಲರೂ ಪುಸ್ತಕದ ಕನ್ನಡ ಆಡುತ್ತಾರೆ.

ಮೊದಲ ಪಾಠ ಪದವೇ ಅಲ್ಲ, ಎಳೆತ. ಮುಂದಿನ ಮಾತು ಹೊಳೆಯದಿದ್ದಾಗ ಕನ್ನಡಿಗರು ಹೆಚ್ಚಾಗಿ ಹಿಂದಿನ ಪದದ ಕೊನೆಯ ಸ್ವರವನ್ನೇ ಎಳೆಯುತ್ತಾರೆ: "ನಾನೂ... ನಿನ್ನೇ... ಬ್ಯಾಂಕಿಗೇ... ಹೋಗಿದ್ನಲ್ಲಾ". ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಹಿಡಿದು ಎಳೆಯಲು ಒಂದು ತುದಿ ಸಿಗುತ್ತದೆ. ಕಲಿಯುವವರು 'ಬಸ್', 'ಬ್ಯಾಂಕ್', 'ವಾಷರ್' ಅಂತ ವ್ಯಂಜನಕ್ಕೇ ಕತ್ತರಿಸುತ್ತಾರೆ. ಎಳೆಯಲು ಏನೂ ಉಳಿಯುವುದಿಲ್ಲ, ಆಗ 'ಅಂ...' ಅಂತ ಇಂಗ್ಲಿಷಿನ ಸದ್ದು ಬರುತ್ತದೆ. ಹಾಗಾಗಿ ಮೊದಲ ವಾರವೇ 'ಬಸ್ಸು', 'ಬ್ಯಾಂಕು', 'ವಾಷರ್ರು' ರೂಢಿ ಮಾಡಿಸುತ್ತೇನೆ. ಉಚ್ಚಾರಣೆ ಚೆನ್ನಾಗಿರಲಿ ಅಂತಲ್ಲ, ಆ ಕೊನೆಯ 'ಉ' ಯೋಚನೆಗೆ ಸಮಯ ಕೊಡುತ್ತದೆ ಅಂತ.

ಎಳೆಯುವ ಜಾಗವೂ ಮುಖ್ಯ. ವಿಭಕ್ತಿ ಸೇರಿದ ಮೇಲೆ ನಿಲ್ಲಬೇಕು, ಮುಂಚೆ ಅಲ್ಲ. "ಬ್ಯಾಂಕು... ಗೆ" ಅಂದರೆ ಎದುರಿನವರಿಗೆ ಕೂಡಲೇ ತಿಳಿದುಹೋಗುತ್ತದೆ, ಇವರು ತಲೆಯಲ್ಲಿ ಜೋಡಿಸುತ್ತಿದ್ದಾರೆ ಅಂತ. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಅವರದೇ ಒಂದು ನಿಮಿಷದ ಮಾತನ್ನು ಆಡಾಸಿಟಿ ಅನ್ನುವ ಧ್ವನಿ ಎಡಿಟ್ ಮಾಡುವ ತಂತ್ರಾಂಶದಲ್ಲಿ ತೆರೆದು ಅಲೆಯ ಚಿತ್ರ ತೋರಿಸಿ. ಚಪ್ಪಟೆಯಾದ ಖಾಲಿ ಜಾಗ ಪದದ ಒಳಗೆ ಬಿದ್ದಿದೆಯೋ, ಪದ ಮುಗಿದ ಮೇಲೆ ಬಿದ್ದಿದೆಯೋ ಅವರಿಗೇ ಕಾಣುತ್ತದೆ.

ಎರಡನೆಯದು ಹೂಂಗುಟ್ಟುವುದು. ಎಲ್ಲರೂ ಆಡುವ ಮಾತನ್ನೇ ಕಲಿಸುತ್ತೇವೆ, ಕೇಳುವಾಗ ಮಾಡುವ ಸದ್ದನ್ನು ಮರೆತುಬಿಡುತ್ತೇವೆ. ಒಂದು ಸಣ್ಣ ಪ್ರಯೋಗ ಹೇಳುತ್ತೇನೆ: ಪರಿಚಯದವರ ಜೊತೆ ಫೋನಿನಲ್ಲಿ ಅವರು ಏನೋ ಹೇಳುತ್ತಿರುವಾಗ ಪೂರ್ತಿ ಸುಮ್ಮನಿದ್ದು ನೋಡಿ. ಎರಡು ಮೂರು ವಾಕ್ಯ ದಾಟುವಷ್ಟರಲ್ಲಿ "ಹಲೋ? ಕೇಳಿಸ್ತಿದ್ಯಾ?" ಬರುತ್ತದೆ. ನಾನು ಮಾಡಿದಾಗೆಲ್ಲ ಬಂದಿದೆ. ಕಲಿಯುವವರು ಅರ್ಥ ಮಾಡಿಕೊಳ್ಳುವ ಗಡಿಬಿಡಿಯಲ್ಲಿ ಹೀಗೇ ಮೌನವಾಗಿರುತ್ತಾರೆ, ಎದುರಿನವರು ಅದನ್ನು 'ಅರ್ಥವಾಗಲಿಲ್ಲ' ಅಂತ ಓದಿ ಹಿಂದಿಗೆ ಹೊರಳುತ್ತಾರೆ. 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿದ ಒಂದು ಅಧ್ಯಯನದಲ್ಲಿ, ಹೌದು ಅಥವಾ ಇಲ್ಲ ಅನ್ನುವ ಪ್ರಶ್ನೆಗೆ ಉತ್ತರ ಬರುವ ಮುಂಚಿನ ಸಂದು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು ಇತ್ತು. ಅದರಲ್ಲಿ ಕನ್ನಡ ಇರಲಿಲ್ಲ, ಆದರೂ ಲೆಕ್ಕ ಅರ್ಥವಾಗುತ್ತದಲ್ಲ: ಹೊಸ ಭಾಷೆಯಲ್ಲಿ ವಾಕ್ಯ ಕಟ್ಟಲು ಅಷ್ಟು ಹೊತ್ತು ಸಾಲದು, 'ಹೂಂ' ಅನ್ನಲು ಸಾಕು.

ವಿಷಯ ಬದಲಾದ ಹಾಗೆ ಹೂಂಕಾರವೂ ಬದಲಾಗಬೇಕು. ಸುದ್ದಿಗೆ 'ಹೌದಾ', ಕೆಟ್ಟದ್ದಕ್ಕೆ 'ಅಯ್ಯೋ' ಅಥವಾ 'ಛೇ', ಮುಂದುವರಿಸಿ ಅನ್ನಲು 'ಆಮೇಲೆ?'. ಒಂದೇ 'ಹೂಂ' ಸಾಲಾಗಿ ಮೂರು ಸಲ ಬಂದರೆ ಬೇಸರ ಬಂದಂತೆ ಕೇಳಿಸುತ್ತದೆ.

ಇನ್ನು ಬಾಲಗಳು, ಅಂದರೆ ವಾಕ್ಯದ ಕೊನೆಗೆ ಅಂಟುವ 'ಅಂತೆ', 'ಅಲ್ವಾ', 'ಕಣ್ರೀ'. ಕ್ರಿಯಾಪದ ಕೊನೆಗೆ ಬರುವ ಭಾಷೆ ನಮ್ಮದು, ಬಾಲವೂ ಅಲ್ಲೇ ಅಂಟಬೇಕು, ನಡುವೆ ಉಸಿರು ಬೀಳಬಾರದು. "ಬಂದ್ರಲ್ವಾ" ಒಂದೇ ಪದ. "ಬಂದ್ರು. ಅಲ್ವಾ?" ಅಂತ ಬಿಡಿಸಿದರೆ ಪೊಲೀಸ್ ವಿಚಾರಣೆ ಆಗುತ್ತದೆ.

ಕಲಿಸುವ ಕ್ರಮ: ಮೊದಲು 'ಅಂತೆ', ಆಮೇಲೆ 'ಅಲ್ವಾ', ಕೊನೆಗೆ 'ಕಣ್ರೀ'. ಎಲ್ಲ ಕಡೆ ಇದನ್ನು ತಲೆಕೆಳಗು ಮಾಡುತ್ತಾರೆ. 'ಕಣ್ರೀ' ಮಜಾ ಕೊಡುತ್ತದೆ ಅಂತ ಮೊದಲೇ ಕಲಿಸಿದರೆ ಕಲಿಯುವವರು ಉಪ್ಪಿನಕಾಯಿಯ ಹಾಗೆ ಎಲ್ಲದಕ್ಕೂ ನಂಚಿಕೊಳ್ಳುತ್ತಾರೆ. "ಎಲ್ಲಿ ಹೋಗ್ತಿದೀರ ಕಣ್ರೀ?" ಅನ್ನುವವರನ್ನು ನೀವೂ ಕೇಳಿರುತ್ತೀರಿ. ಅದು ಹೇಳಿಕೆಗೆ ಸೇರುತ್ತದೆ, "ಬನ್ನಿ ಕಣ್ರೀ" ಅಂತ ಕರೆಯುವುದಕ್ಕೂ ಸೇರುತ್ತದೆ, ಪ್ರಶ್ನೆಗೆ ಸೇರುವುದಿಲ್ಲ. ಯಾರಿಗೆ ಅನ್ನುವುದೂ ಇದೆ: ಸಮಾನರಿಗೆ 'ಕಣ್ರೀ', ಅಣ್ಣ ಅಂತ ಕರೆಯುವವರಿಗೆ 'ಕಣಣ್ಣ', ಹೂವಿನಮ್ಮನಿಗೆ 'ಕಣಮ್ಮ'. ಕಚೇರಿಯ ಮೇಜಿನಾಚೆ ಕೂತವರಿಗೆ ಯಾವುದೂ ಬೇಡ, ಬರೀ 'ಸಾರ್' ಸಾಕು.

'ಅಂತೆ' ಮೊದಲು ಯಾಕೆಂದರೆ ಅದಿಲ್ಲದಿದ್ದರೆ ತಪ್ಪು ಅರ್ಥವೇ ಹೋಗುತ್ತದೆ. "ವಾಷರ್ರು ಹೋಗಿದೆ" ಅಂದರೆ ನೀವೇ ಬಿಚ್ಚಿ ನೋಡಿದ್ದೀರಿ. "ಹೋಗಿದ್ಯಂತೆ" ಅಂದರೆ ಯಾರೋ ಹೇಳಿದ್ದು, ಜವಾಬ್ದಾರಿ ನಿಮ್ಮದಲ್ಲ.

ಕೊನೆಯ ಭಾಗವೇ ನನ್ನ ಪ್ರಕಾರ ದೊಡ್ಡದು: ಕ್ರಿಯಾಪದವಾದ ಮೇಲೂ ಮಾತು ಮುಂದುವರಿಸುವುದು. ಪಠ್ಯಗಳು ವಾಕ್ಯವನ್ನು ಕ್ರಿಯಾಪದಕ್ಕೆ ಬೀಗ ಹಾಕಿ ಮುಗಿಸುತ್ತವೆ. ಬೀದಿಯಲ್ಲಿ "ಸೋರ್ತಿದೆ, ನಲ್ಲಿ, ಅಡುಗೆಮನೇದು" ಅನ್ನುತ್ತಾರೆ. ಮೊದಲು ಮುಖ್ಯ ಸಂಗತಿ, ಆಮೇಲೆ ನೆನಪಾದದ್ದು. ಕಲಿಯುವವರಿಗೆ ಇದು ವರ, ಪೂರ್ತಿ ವಾಕ್ಯ ತಲೆಯಲ್ಲಿ ಸಿದ್ಧವಾಗುವವರೆಗೆ ಕಾಯಬೇಕಿಲ್ಲ. ಮರೆತುಹೋದ ಹೆಸರಿಗೆ 'ಅದೇ, ಏನದು' ಸೇರಿಸಿದರೆ ಸಾಕು: "ಸಿಕ್ಕಿದ್ರು ನಿನ್ನೆ, ಅದೇ, ಏನದು, ಲಿಫ್ಟ್ ರಿಪೇರಿಯವ್ರು".

ಬ್ಯಾಚಿನಲ್ಲಿ ನಡೆಸುವ ಒಂದು ಕರೆಯನ್ನೇ ಬಿಡಿಸಿ ತೋರಿಸುತ್ತೇನೆ. ಪಠ್ಯದ ರೂಪ: "ನಮಸ್ಕಾರ. ನಮ್ಮ ಅಡುಗೆಮನೆಯ ನಲ್ಲಿ ಸೋರುತ್ತಿದೆ. ನೀವು ಇಂದು ಬರಲು ಸಾಧ್ಯವೇ?" ತಪ್ಪೇ ಇಲ್ಲ. ಪ್ಲಂಬರಿನಿಂದ ಬರುವ ಉತ್ತರ: "ಭಯ್ಯಾ, ಲೊಕೇಶನ್ ಭೇಜೋ."

ನಾಲ್ಕನೇ ವಾರದ ರೂಪ:

"ಅಣ್ಣಾ, ಅದೂ... ನಲ್ಲಿ ಸೋರ್ತಿದೆ, ಅಡುಗೆಮನೇದು. ವಾಷರ್ರು ಹೋಗಿದ್ಯಂತೆ, ವಾಚ್‌ಮನ್ ಹೇಳಿದ್ರು. ಇವತ್ತು ಬರಕ್ಕಾಗುತ್ತಾ?"

"ಇವತ್ತಾ? ಎರಡ್ ಕೆಲ್ಸ ಇದೆ..."

"ಹೂಂ."

"ಸಂಜೆ ಏಳಾಗ್ಬೋದು."

"ಪರ್ವಾಗಿಲ್ಲ ಬನ್ನಿ. ನೀರು ನಿಲ್ತಾನೇ ಇಲ್ಲ ಕಣಣ್ಣ. ಏಳಕ್ಕಲ್ವಾ?"

"ಹಾಂ, ಏಳಕ್ಕೆ."

"ಸರಿ ಹಂಗಾದ್ರೆ, ಇಡ್ತೀನಿ."

'ಅಲ್ವಾ' ಎಲ್ಲಿ ಬಂತು ಗಮನಿಸಿ. ಮೊದಲ ಕೋರಿಕೆಯಲ್ಲೇ "ಇವತ್ತು ಬರ್ತೀರಲ್ವಾ?" ಅಂದರೆ ಅವರು ಆಗಲೇ ಒಪ್ಪಿದ್ದರು ಅನ್ನುವ ಧ್ವನಿ, ಪ್ಲಂಬರಿಗೆ ಸಿಟ್ಟು ಬರುತ್ತದೆ. ಅವರ ಬಾಯಿಂದ 'ಏಳು' ಬಂದ ಮೇಲೆ ಗಟ್ಟಿ ಮಾಡಿಕೊಳ್ಳಲು ಅದೇ ಪದ ಸರಿಯಾಗಿ ಕೂರುತ್ತದೆ. ಇಡೀ ಕರೆಯಲ್ಲಿ 'ಕಣ್' ಒಂದೇ ಸಲ, ಅದೂ ಅಂಗಲಾಚುವ ಜಾಗದಲ್ಲಿ. ನನ್ನ ಲೆಕ್ಕದಲ್ಲಿ ಐದಾರು ವಾಕ್ಯಕ್ಕೆ ಒಂದು ದಾಟಿದರೆ ನಾಟಕ. ಫೋನ್ ಇಡುವ ಮುಂಚಿನ 'ಸರಿ ಹಂಗಾದ್ರೆ' ಬಿಟ್ಟರೆ ಕರೆ ಕಡಿದುಹೋದಂತಾಗುತ್ತದೆ. ಕಲಿಯುವವರಲ್ಲಿ ಅರ್ಧ ಜನ 'ಓಕೆ, ಬೈ' ಅಂದು ಅಷ್ಟೂ ಹೊತ್ತಿನ ಕೆಲಸ ಹಾಳುಮಾಡುತ್ತಾರೆ.

'ಆಕ್ಚುಲಿ', 'ಬೇಸಿಕಲಿ' ಬಗ್ಗೆ ಕೇಳುತ್ತೀರಿ. ಬೆಂಗಳೂರಿನ ಕನ್ನಡಿಗರ ಬಾಯಲ್ಲೂ ಧಾರಾಳವಾಗಿ ಇವೆ, ಅಸಹಜವೇನಲ್ಲ. ಒಂದು ಬ್ಯಾಚಿಗೆ ಅವನ್ನು ಬಿಟ್ಟುಕೊಟ್ಟು ನೋಡಿದೆ. ನಮ್ಮ ಬಾಯಲ್ಲಿ ಅವು ಕನ್ನಡವೇ, ಹೊಸಬರ ಬಾಯಲ್ಲಿ ಎದುರಿನವರಿಗೆ ಇಂಗ್ಲಿಷಿನ ಬಾಗಿಲು ತೆರೆದುಕೊಡುತ್ತವೆ. ಈಗ ಎಂಟು ವಾರವೂ ನಿಷೇಧ. ಆ ಜಾಗಕ್ಕೆ 'ಅಂದ್ರೆ' ಮತ್ತು 'ಅದೂ'.

ಊರು ಬದಲಾದರೆ ಸಾಮಾನೂ ಬದಲಾಗುತ್ತದೆ. ಧಾರವಾಡ, ಹುಬ್ಬಳ್ಳಿ ಕಡೆ 'ಕಣ್ರೀ' ನಡೆಯುವುದಿಲ್ಲ, 'ನೋಡ್ರಿ' ಮತ್ತು ಸಾಲಿಗೊಂದು 'ರೀ' ಬೇಕು. ಮಂಗಳೂರಿಗೆ ಹೋಗುವವರಿಗೆ 'ಮಾರಾಯ್ರೇ'. ಎಳೆತ ಮತ್ತು ಹೂಂಗುಟ್ಟುವ ಪಾಠವನ್ನು ಮಾತ್ರ ಎಲ್ಲೆಡೆ ಹಾಗೇ ಇಟ್ಟುಕೊಳ್ಳಬಹುದು.

ಐದನೇ ವಾರದಲ್ಲಿ ಇಬ್ಬಿಬ್ಬರನ್ನು ಕೂರಿಸಿ ಮಾಡಿಸುವ ಒಂದು ಆಟವಿದೆ, ಒತ್ತು ಇಳಿಸಲು ಅದೇ ನನ್ನ ಮುಖ್ಯ ಅಸ್ತ್ರ. ಅದನ್ನು ಬರೆಯುವುದಿಲ್ಲ, ಎಂಟು ಹತ್ತು ಜನರ ಬ್ಯಾಚಿಗೆ ತಲಾ ನಾಲ್ಕು ಸಾವಿರ ತೆಗೆದುಕೊಳ್ಳುವುದೇ ಅದಕ್ಕೆ. ರೆಕಾರ್ಡಿಂಗ್ ಬೇಕಾದವರು ನಿಮ್ಮ ಬೀದಿಯಲ್ಲೇ ಮಾಡಿಕೊಳ್ಳಿ. ಅಂಗಡಿಯವರಿಗೆ ದುಡ್ಡು ಮೊದಲೇ ಕೊಡಿ, ಸಂಜೆ ವ್ಯಾಪಾರದ ಹೊತ್ತಿನಲ್ಲಿ ಹೋಗಬೇಡಿ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಹೋದರೆ ಅರ್ಧ ಗಂಟೆಗೆ ಕೊಟ್ಟ ದುಡ್ಡಿನಲ್ಲಿ ಒಂದು ಗಂಟೆ ಮಾತಾಡುತ್ತಾರೆ.